ಎಲ್ಲಾ ಸ್ಮಾಲಾ, ಎಲ್ಲಾ ಕ್ಯಾಪಿಟಲ್ಲಾ? ಮೆಸೇಜ್ ಕಳಿಸಿದವರ ಮನಸ್ಸು ಅಕ್ಷರದಲ್ಲಿ ಎಷ್ಟು ಕಾಣುತ್ತದೆ

ನನ್ನ ತಂಗಿ ಯಾವತ್ತೂ ಸ್ಮಾಲ್ ಲೆಟರಿನಲ್ಲೇ ಮೆಸೇಜ್ ಮಾಡುತ್ತಾಳೆ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾಳೆ, ಎಲ್ಲೂ ಒಂದು ಕ್ಯಾಪಿಟಲ್ ಇರುವುದಿಲ್ಲ, ಫುಲ್‌ಸ್ಟಾಪ್ ಅಂತೂ ಇಲ್ಲವೇ ಇಲ್ಲ. ವರ್ಷಗಳಿಂದ ಅದನ್ನೇ ಓದಿ ಓದಿ ನನಗೆ ಅವಳ ಅಕ್ಷರ ಅಂದರೆ ಅವಳ ದನಿ ಅನ್ನುವಷ್ಟು ರೂಢಿಯಾಗಿದೆ. ಒಂದು ಮಧ್ಯಾಹ್ನ ನಾನು ಮೀಟಿಂಗಿನಲ್ಲಿ ಕೂತಿದ್ದಾಗ ಫೋನಿನ ಪರದೆ ಮೇಲೆ ಇದು ಬಂತು:

```
AKKA
AKKA PHONE ETTU
```

ಎದೆ ಧಸಕ್ ಅಂತು. ಅಮ್ಮನಿಗೆ ಏನೋ ಆಗಿದೆ ಅಂತಲೇ ಅಂದುಕೊಂಡೆ. ಹೊರಗೆ ಓಡಿ ಬಂದು ಫೋನ್ ಮಾಡಿದರೆ ಅವಳ ಲೈನ್ ಬಿಜಿ. ಮತ್ತೆ ಮಾಡಿದೆ, ಮತ್ತೆ ಬಿಜಿ. ನಾಲ್ಕು ನಿಮಿಷ ಆದ ಮೇಲೆ ಮೂರನೇ ಮೆಸೇಜ್:

```
KELSA SIKTU
```

ಅಷ್ಟೇ. ಒಂದೂವರೆ ವರ್ಷದಿಂದ ಹುಡುಕುತ್ತಿದ್ದ ಕೆಲಸ ಸಿಕ್ಕಿತ್ತು, ಆ ಖುಷಿಗೆ ಅವಳು ಎಲ್ಲರಿಗೂ ಒಟ್ಟಿಗೇ ಫೋನ್ ಮಾಡುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ.

ಆಮೇಲೆ ಆ ಮೂರು ಸಾಲನ್ನು ಎಷ್ಟೋ ಸಲ ತೆಗೆದು ನೋಡಿದ್ದೇನೆ. ಮೊದಲ ಎರಡು ಸಾಲು ಸಾವಿನ ಸುದ್ದಿಗೂ ಸರಿಹೊಂದುತ್ತವೆ, ಕೆಲಸ ಸಿಕ್ಕ ಸುದ್ದಿಗೂ ಸರಿಹೊಂದುತ್ತವೆ. ಕ್ಯಾಪಿಟಲ್ ನನಗೆ ತಿಳಿಸಿದ್ದು ಒಂದೇ ವಿಷಯ: ಇವಳ ಮನಸ್ಸು ಈಗ ಎಂದಿನ ಹಾಗಿಲ್ಲ. ಯಾವ ಕಡೆಗೆ ವಾಲಿದೆ ಅಂತ ಅದು ಹೇಳಲೇ ಇಲ್ಲ. ಹಾಗಾಗಿ "ಕ್ಯಾಪಿಟಲ್ ಅಂದರೆ ಸಿಟ್ಟು, ಸ್ಮಾಲ್ ಅಂದರೆ ಸಮಾಧಾನ" ಅನ್ನೋ ಲೆಕ್ಕವನ್ನು ನಾನು ನಂಬುವುದಿಲ್ಲ. ಎಲ್ಲಾ ಕ್ಯಾಪಿಟಲ್ ಅಂದರೆ ದನಿ ಏರಿದೆ, ಎಲ್ಲಾ ಸ್ಮಾಲ್ ಅಂದರೆ ದನಿ ಇಳಿದಿದೆ. ಏರಿದ ದನಿಯಲ್ಲಿ ಜನ ಬೈಯುತ್ತಾರೆ, ಕುಣಿಯುತ್ತಾರೆ, ಹೆದರಿ ಕೂಗುತ್ತಾರೆ. ಇಳಿದ ದನಿಯಲ್ಲಿ ಹರಟುತ್ತಾರೆ, ಸುಸ್ತಾಗಿರುತ್ತಾರೆ, ಮುನಿಸಿಕೊಂಡಿರುತ್ತಾರೆ, ಹೇಳಲು ಕಷ್ಟವಾದ ಮಾತನ್ನೂ ಹೇಳುತ್ತಾರೆ. ಈ ಎರಡರಲ್ಲಿ ಯಾವುದನ್ನು ಯಾವಾಗ ಬಳಸಬೇಕು, ಬೇರೆಯವರು ಬಳಸಿದಾಗ ಹೇಗೆ ಓದಬೇಕು ಅನ್ನೋದನ್ನ ನನಗೆ ಗೊತ್ತಿರುವಷ್ಟು ಬರೆಯುತ್ತಿದ್ದೇನೆ.

ಮೊದಲು ಕೇಳಬೇಕಾದ್ದು: ಇದನ್ನ ಮಾಡಿದ್ದು ಮನುಷ್ಯನಾ, ಫೋನಾ?

ಮನಸ್ಸು ಓದೋಕೆ ಹೊರಡುವ ಮುಂಚೆ ಇದೊಂದನ್ನು ನೋಡಲೇಬೇಕು. ಫೋನಿನ ಕೀಬೋರ್ಡ್ ವಾಕ್ಯದ ಮೊದಲ ಅಕ್ಷರವನ್ನು ತಾನೇ ಕ್ಯಾಪಿಟಲ್ ಮಾಡುತ್ತದೆ. ನೀವು ಏನೂ ಮಾಡದೆ `sari` ಅಂತ ಒತ್ತಿದರೆ `Sari` ಅಂತ ಹೋಗುತ್ತದೆ. ಕಂಪ್ಯೂಟರಿನಲ್ಲಿ ಚಾಟ್ ಮಾಡುವಾಗ ಸಾಮಾನ್ಯವಾಗಿ ಇದು ತಿರುಗುಮುರುಗು, ಏನೂ ಮಾಡದಿದ್ದರೆ ಎಲ್ಲಾ ಸ್ಮಾಲ್. ಅಂದರೆ ಕಂಪ್ಯೂಟರಿನಿಂದ ಬಂದ `sari` ಬರೀ ಬೆರಳಿನ ರೂಢಿ, ಫೋನಿನಿಂದ ಬಂದ `sari` ಒಬ್ಬರು ಬೇಕಂತಲೇ ಮಾಡಿಕೊಂಡಿದ್ದು. ಒಂದೋ ಅವರು ಸೆಟ್ಟಿಂಗ್ ಆಫ್ ಮಾಡಿದ್ದಾರೆ, ಇಲ್ಲಾ ಆ ಒಂದು ಸಲ ಶಿಫ್ಟ್ ಒತ್ತಿ ಕ್ಯಾಪಿಟಲ್ ತೆಗೆದಿದ್ದಾರೆ.

ಸೆಟ್ಟಿಂಗ್ ಇರುವ ಜಾಗ ಹೇಳಿಬಿಡುತ್ತೇನೆ. ಐಫೋನಿನಲ್ಲಿ `Settings`, ಅದರೊಳಗೆ `General`, ಅದರೊಳಗೆ `Keyboard`, ಅಲ್ಲಿ `Auto-Capitalization`. ಆಂಡ್ರಾಯ್ಡ್‌ನಲ್ಲಿ ಗೂಗಲ್ ಕೀಬೋರ್ಡ್ ಇದ್ದರೆ ಅದರ ಸೆಟ್ಟಿಂಗಿನಲ್ಲಿ `Text correction` ಒಳಗೆ `Auto-capitalization`. ನನ್ನ ತಂಗಿ ಇದನ್ನು ಆಫ್ ಮಾಡಿಕೊಂಡವಳು. ಯಾಕೆ ಅಂತ ಕೇಳಿದ್ದಕ್ಕೆ, "ಕ್ಯಾಪಿಟಲ್ ಇದ್ರೆ ಅರ್ಜಿ ಬರೆದ ಹಾಗಿರುತ್ತೆ ಅಕ್ಕ" ಅಂದಳು. ಅವಳ ವಯಸ್ಸಿನ ತುಂಬಾ ಜನಕ್ಕೆ ಹಾಗೇ ಅನಿಸುತ್ತದೆ. ಅವರಿಗೆ ಸ್ಮಾಲ್ ಅಂದರೆ ಮನೆಯಲ್ಲಿ ಹಾಕಿಕೊಳ್ಳುವ ಬಟ್ಟೆ ಇದ್ದ ಹಾಗೆ, ಹತ್ತಿರದವರ ಎದುರು ಮಾತ್ರ.

ಫೋನಾ ಕಂಪ್ಯೂಟರಾ ಅಂತ ಗೊತ್ತು ಹಚ್ಚೋದು ಕಷ್ಟವೇನಲ್ಲ. ಅದೇ ವ್ಯಕ್ತಿಯ ಹಿಂದಿನ ಇಪ್ಪತ್ತು ಮೆಸೇಜ್ ಮೇಲೆ ಹೋಗಿ ನೋಡಿ. ಕೆಲಸದ ಹೊತ್ತಿನಲ್ಲಿ ಎಲ್ಲಾ ಸ್ಮಾಲ್, ಸಂಜೆ ಆದ ಮೇಲೆ ಪ್ರತಿ ಮೆಸೇಜಿಗೂ ಮೊದಲ ಅಕ್ಷರ ಕ್ಯಾಪಿಟಲ್ ಅಂತಿದ್ದರೆ ಅದು ಮನಸ್ಸಿನ ಏರಿಳಿತ ಅಲ್ಲ, ಹಗಲು ಕಂಪ್ಯೂಟರು, ಸಂಜೆ ಫೋನು. `Banda? Sari` ಅಂತ ಪ್ರಶ್ನೆ ಚಿಹ್ನೆ ಆದ ಮೇಲೆ ಕ್ಯಾಪಿಟಲ್ ಬಂದಿದ್ದರೂ ಅಲ್ಲಿ ಹೆಚ್ಚಾಗಿ ಫೋನಿನ ಕೈವಾಡ ಇರುತ್ತದೆ.

ಎಲ್ಲಾ ಕ್ಯಾಪಿಟಲ್ ವಿಷಯಕ್ಕೆ ಬಂದರೆ, ಫೋನಿನಲ್ಲಿ ಅದಕ್ಕೆ ಶಿಫ್ಟನ್ನು ಎರಡು ಸಲ ಟಕಟಕ ಅಂತ ಒತ್ತಬೇಕು. ಗೊತ್ತಿಲ್ಲದೆ ಆಗೋದು ಕಡಿಮೆ. ಕಂಪ್ಯೂಟರಿನಲ್ಲಿ ಮಾತ್ರ ಕ್ಯಾಪ್ಸ್ ಲಾಕ್ ತಪ್ಪಿ ಒತ್ತಿ ಹೋಗಿರುತ್ತದೆ, ಅದಕ್ಕೊಂದು ಒಳ್ಳೆ ಗುರುತಿದೆ. ವಿಂಡೋಸ್‌ನಲ್ಲಿ ಕ್ಯಾಪ್ಸ್ ಲಾಕ್ ಆನ್ ಇದ್ದು ಶಿಫ್ಟ್ ಒತ್ತಿದರೆ ಅಕ್ಷರ ಸ್ಮಾಲ್ ಆಗುತ್ತದೆ. ಹಾಗಾಗಿ ವಾಕ್ಯದ ಮೊದಲಿಗೆ ಶಿಫ್ಟ್ ಒತ್ತುವ ರೂಢಿ ಇರುವವರು ತಪ್ಪಿ ಕಳಿಸಿದ್ದು ಹೀಗಿರುತ್ತದೆ:

```
nALE BARTHINI
```

ಇಂಥದ್ದು ಕಂಡರೆ ಏನೂ ಅಂದುಕೊಳ್ಳಬೇಡಿ, ಅವರು ಪರದೆ ನೋಡದೆ ಟೈಪ್ ಮಾಡಿದ್ದಾರೆ ಅಷ್ಟೇ.

ಹಾಗಾದ್ರೆ ಯಾವುದನ್ನ ಹೋಲಿಸಬೇಕು?

ನಾನು ಅವರನ್ನು ಅವರ ಜೊತೆಗೇ ಹೋಲಿಸುತ್ತೇನೆ. ಬೇರೆ ಯಾರ ಜೊತೆಗೂ ಅಲ್ಲ.

ನನ್ನ ಮಾವ ಎಲ್ಲವನ್ನೂ ಕ್ಯಾಪಿಟಲ್‌ನಲ್ಲೇ ಬರೆಯುತ್ತಾರೆ. ಬರುತ್ತೇನೆ ಅನ್ನೋದಕ್ಕೂ ಕ್ಯಾಪಿಟಲ್, ಹುಷಾರು ಅನ್ನೋದಕ್ಕೂ ಕ್ಯಾಪಿಟಲ್. ಹೊಸದಾಗಿ ನಮ್ಮ ಮನೆಗೆ ಬಂದವರು ಆ ಮೆಸೇಜ್ ನೋಡಿ "ಮಾವನಿಗೆ ಏನಾದ್ರೂ ಬೇಜಾರಾಗಿದ್ಯಾ" ಅಂತ ಕೇಳುತ್ತಾರೆ. ಅವರಿಗೆ ಯಾವ ಬೇಜಾರೂ ಇಲ್ಲ. ಅವರು ಬರೆಯೋಕೆ ಕಲಿತ ಕಾಲದಲ್ಲಿ ತಂತಿ ಬರುತ್ತಿದ್ದದ್ದು ಕ್ಯಾಪಿಟಲ್‌ನಲ್ಲಿ, ಅರ್ಜಿ ತುಂಬುತ್ತಿದ್ದದ್ದು ಕ್ಯಾಪಿಟಲ್‌ನಲ್ಲಿ. ಜೊತೆಗೆ ಕಣ್ಣು ಮಂಜು. ಅಕ್ಷರದ ಗಾತ್ರ ಅಷ್ಟೇ ಇದ್ದರೂ ಕ್ಯಾಪಿಟಲ್ ಅಕ್ಷರ ಎತ್ತರ ಇರುತ್ತದೆ, ಸ್ಮಾಲ್ ಅಕ್ಷರದ ಮೈ ಅದಕ್ಕಿಂತ ಗಿಡ್ಡ. ದೃಷ್ಟಿ ಕಡಿಮೆ ಇರುವವರಿಗೆ ಚಿಕ್ಕ ಗಾತ್ರದಲ್ಲಿ ಕ್ಯಾಪಿಟಲ್ಲೇ ಸುಲಭವಾಗಿ ಕಾಣುತ್ತದೆ. ಮಾವನಿಗೆ ತಾನು ಬರೆದದ್ದು ತನಗೇ ಕಾಣಬೇಕಲ್ಲ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು, ಯಾಕೆಂದರೆ ಕ್ಯಾಪಿಟಲ್ ಅಂದರೆ ಕೂಗಾಟ ಅನ್ನೋದು ಮೊದಲಿಂದ ಇದ್ದ ನಿಯಮ ಅಲ್ಲ. ಹಳೆಯ ಟೆಲಿಪ್ರಿಂಟರುಗಳಿಗೆ ಒಂದೇ ತರದ ಅಕ್ಷರ ಇತ್ತು. ಒಂದು ಅಕ್ಷರಕ್ಕೆ ಐದು ಬಿಟ್ ಮಾತ್ರ, ಅಂದರೆ ಸೊನ್ನೆಯೋ ಒಂದೋ ಇರುವ ಐದು ಮನೆ, ಅದರಿಂದ ಸಿಗೋದು 32 ಗುರುತು. ಅಷ್ಟರಲ್ಲಿ ಎರಡು ತರದ ಅಕ್ಷರಮಾಲೆ ಹಿಡಿಸುವುದಿಲ್ಲ. ಕಂಪ್ಯೂಟರಿಗೆ ಅಂತ 1963ರಲ್ಲಿ ಬಂದ ಆಸ್ಕಿ ಸಂಕೇತದಲ್ಲೂ ಮೊದಲು ಸ್ಮಾಲ್ ಲೆಟರ್ ಇರಲಿಲ್ಲ, 1967ರಲ್ಲಿ ಸೇರಿಸಿದರು. 1977ರ ಆಪಲ್ 2 ಕಂಪ್ಯೂಟರಿನಲ್ಲೂ ಶುರುವಿಗೆ ಬರೀ ಕ್ಯಾಪಿಟಲ್. ಬೇರೆ ದಾರಿಯೇ ಇಲ್ಲದಾಗ ಅದು ಕೂಗಾಟ ಹೇಗಾಗುತ್ತದೆ? ಎರಡೂ ಕೈಗೆ ಸಿಕ್ಕ ಮೇಲೆ, ಸ್ಮಾಲ್ ಇದ್ದರೂ ಒಬ್ಬ ಕ್ಯಾಪಿಟಲ್ ಆರಿಸಿಕೊಂಡ ಅಂದರೆ ಅದಕ್ಕೊಂದು ಅರ್ಥ ಬಂತು. 1980ರ ದಶಕದ ಕಂಪ್ಯೂಟರ್ ಚರ್ಚಾಗುಂಪುಗಳಲ್ಲೇ ಜನ ಕ್ಯಾಪಿಟಲ್ಲನ್ನು ಜೋರು ದನಿಗೆ ಬಳಸುತ್ತಿದ್ದರು. 1995ರಲ್ಲಿ ಬಂದ ಆರ್‌ಎಫ್‌ಸಿ 1855 ಅನ್ನೋ ಇಂಟರ್ನೆಟ್ ಶಿಷ್ಟಾಚಾರದ ಪಟ್ಟಿಯಲ್ಲಿ ಎರಡೂ ತರದ ಅಕ್ಷರ ಬೆರೆಸಿ ಬರೆಯಿರಿ, ಎಲ್ಲಾ ಕ್ಯಾಪಿಟಲ್ ಕೂಗಿದ ಹಾಗೆ ಕಾಣುತ್ತದೆ ಅಂತ ಬರೆದೇ ಇಟ್ಟರು. ಆದರೂ ಹಳೆಯ ರೂಢಿ ಎಲ್ಲಾ ಕಡೆ ಹೋಗಲಿಲ್ಲ. ಅಮೆರಿಕದ ಹವಾಮಾನ ಇಲಾಖೆ ತನ್ನ ಮುನ್ಸೂಚನೆಗಳನ್ನು ಎಲ್ಲಾ ಕ್ಯಾಪಿಟಲ್‌ನಲ್ಲಿ ಬರೆಯೋದನ್ನ ನಿಲ್ಲಿಸೋಕೆ ಶುರು ಮಾಡಿದ್ದು 2016ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಬಿಸಿಲಿದೆ ಅನ್ನೋದೂ ಕ್ಯಾಪಿಟಲ್‌ನಲ್ಲೇ ಬರುತ್ತಿತ್ತು.

ಹಾಗಾಗಿ ಮಾವನ ಕ್ಯಾಪಿಟಲ್‌ಗೆ ಅರ್ಥ ಹುಡುಕಬಾರದು. ಯಾವಾಗಲೂ ಜೋರಾಗಿ ಮಾತಾಡುವವರಿಗೆ ಸಿಟ್ಟು ಬಂದರೆ ಗೊತ್ತಾಗೋದು ಅವರು ಸುಮ್ಮನಾದಾಗ. ಮಾವ ಒಂದು ದಿನ ಸ್ಮಾಲ್ ಲೆಟರಿನಲ್ಲಿ `hu` ಅಂತ ಕಳಿಸಿದರೆ ನಾನು ಫೋನ್ ಮಾಡುತ್ತೇನೆ. ಬದಲಾವಣೆ ಯಾವ ಕಡೆಯಿಂದ ಯಾವ ಕಡೆಗೆ ಆಯ್ತು, ಅದರಲ್ಲಿ ಸುದ್ದಿ ಇದೆ.

ಕ್ಯಾಪಿಟಲ್ ಒಳಗೆ ಖುಷಿನಾ, ಸಿಟ್ಟಾ?

ದನಿ ಏರಿದೆ ಅಂತ ಗೊತ್ತಾಯಿತು. ಮುಂದೇನು? ಅಕ್ಷರದ ಸುತ್ತ ಇರುವ ಸಣ್ಣ ಸಣ್ಣ ಗುರುತುಗಳನ್ನ ನೋಡಬೇಕು. ಇವೆರಡನ್ನ ಓದಿ ನೋಡಿ:

```
YAAAAKE HELLILLAAA
YAAKE HELLILLA.
```

ಶಬ್ದ ಅದೇ. ಮೊದಲನೆಯದರಲ್ಲಿ ಒಬ್ಬ ಗೆಳತಿ ನಿಮ್ಮ ಮದುವೆ ವಿಷಯ ಬೇರೆಯವರಿಂದ ಕೇಳಿ ಕುಣಿಯುತ್ತಿದ್ದಾಳೆ. ಎರಡನೆಯದರಲ್ಲಿ ಬಾಗಿಲಲ್ಲಿ ನಿಂತು ಉತ್ತರಕ್ಕೆ ಕಾಯುತ್ತಿದ್ದಾಳೆ. ಅಕ್ಷರ ಎಳೆದಿದ್ದರೆ ಸಾಮಾನ್ಯವಾಗಿ ಖುಷಿ, ಸಲಿಗೆ, ಹೆಚ್ಚೆಂದರೆ ಹುಸಿಮುನಿಸು. ನಿಜವಾಗಿ ಸಿಟ್ಟು ಬಂದವರು ಅಕ್ಷರ ಎಳೆಯುತ್ತಾ ಕೂರುವುದಿಲ್ಲ, ಕಡಿದು ಕಡಿದು ಹೇಳುತ್ತಾರೆ, ಕೊನೆಗೆ ಫುಲ್‌ಸ್ಟಾಪ್ ಇಡುತ್ತಾರೆ. ಇದಕ್ಕೆ ತಪ್ಪಿ ನಡೆಯುವವರೂ ಇದ್ದಾರೆ, ಆದರೆ ನಾನು ನೋಡಿದಷ್ಟರಲ್ಲಿ ಈ ಗುರುತು ಕ್ಯಾಪಿಟಲ್‌ಗಿಂತ ಜಾಸ್ತಿ ನಂಬಿಕೆಗೆ ಯೋಗ್ಯ.

ಇನ್ನೊಂದು ಉಪಯೋಗ ಇದೆ, ನನಗೆ ತುಂಬಾ ಇಷ್ಟವಾದದ್ದು. ಒಂದೇ ಪದಕ್ಕೆ ಕ್ಯಾಪಿಟಲ್ ಹಾಕೋದು:

```
NAANU avnige helidde
naanu AVNIGE helidde
naanu avnige HELIDDE
```

ಮೊದಲನೆಯದು ನಾನೇ ಹೇಳಿದ್ದೆ, ಬೇರೆ ಯಾರೂ ಅಲ್ಲ. ಎರಡನೆಯದು ಅವನಿಗೇ ಹೇಳಿದ್ದೆ. ಮೂರನೆಯದು ಹೇಳಿಯೇ ಇದ್ದೆ, ಹೇಳಲಿಲ್ಲ ಅನ್ನಬೇಡ. ಮಾತಿನಲ್ಲಿ ನಾವು ಒಂದು 'ಏ' ಹಚ್ಚಿ ಮಾಡುವ ಕೆಲಸವನ್ನ ಇಲ್ಲಿ ಕ್ಯಾಪಿಟಲ್ ಮಾಡುತ್ತಿದೆ. ಸುತ್ತಲಿನ ಪದಗಳು ಸ್ಮಾಲ್ ಇರೋದರಿಂದಲೇ ಅದು ಎದ್ದು ಕಾಣುತ್ತದೆ. ಎಲ್ಲವನ್ನೂ ಕ್ಯಾಪಿಟಲ್ ಮಾಡಿದರೆ ಈ ಒತ್ತು ಪೂರ್ತಿ ಅಳಿಸಿ ಹೋಗುತ್ತದೆ. ಎಲ್ಲಾ ಪದವೂ ಮುಖ್ಯ ಅಂದರೆ ಯಾವ ಪದ ಮುಖ್ಯ ಅಂತ ಓದುವವರಿಗೆ ಗೊತ್ತಾಗೋದಾದರೂ ಹೇಗೆ, ಅಲ್ವಾ?

(ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಮೂಡಿಸುವ 'ಬರಹ'ದಂಥ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರ ವಿಷಯ ಬೇರೆ. ಅಲ್ಲಿ `L` ಒತ್ತಿದರೆ ಳ, `N` ಒತ್ತಿದರೆ ಣ, `E` ಒತ್ತಿದರೆ ಏ. ಆ ರೂಢಿಯಲ್ಲಿ ಅವರು ಚಾಟಿನಲ್ಲೂ `hELi` ಅಂತ ಬರೆಯುತ್ತಾರೆ. ಅದು ಕೂಗಲ್ಲ, ಹೇಳಿ ಅನ್ನೋದರ ಸರಿಯಾದ ಉಚ್ಚಾರ.)

ಸ್ಮಾಲ್ ಓದೋದು ಇದಕ್ಕಿಂತ ಕಷ್ಟ

ಕ್ಯಾಪಿಟಲ್ ಕಂಡರೆ ಯಾರಿಗಾದರೂ ಏನೋ ಆಗಿದೆ ಅನಿಸುತ್ತದೆ. ಸ್ಮಾಲ್ ಕಂಡರೆ ಏನೂ ಆಗಿಲ್ಲ ಅನಿಸುತ್ತದೆ, ಅಲ್ಲೇ ತಪ್ಪುವುದು.

ಎಲ್ಲಾ ಸ್ಮಾಲ್ ಅನ್ನೋದರಲ್ಲಿ ಮೂರು ನಾಲ್ಕು ತರದ ಮನಸ್ಸು ಒಂದೇ ಮುಖ ಹಾಕಿಕೊಂಡು ಕೂತಿರುತ್ತವೆ. ಆರಾಮಾಗಿ ಹರಟುವವರು ಒಂದು ಕಡೆ. ಅವರ ಮೆಸೇಜ್ ಒಂದರ ಹಿಂದೆ ಒಂದು ಬರುತ್ತದೆ, ಮಾತು ಎತ್ತಲೋ ಹೋಗುತ್ತದೆ. ಸುಸ್ತಾದವರು ಇನ್ನೊಂದು ಕಡೆ. ಅವರದ್ದು ದಿನ ಕಳೆದ ಹಾಗೆ ಚಿಕ್ಕದಾಗುತ್ತಾ ಬರುತ್ತದೆ, ಬೆಳಿಗ್ಗೆ ಎರಡು ಸಾಲು ಇದ್ದದ್ದು ರಾತ್ರಿ ಹೊತ್ತಿಗೆ `hu` ಆಗಿರುತ್ತದೆ. ಅಕ್ಷರಕ್ಕಿಂತ ಉದ್ದವನ್ನು ನೋಡಿ ಅನ್ನೋದು ಇದಕ್ಕೇ.

ಮುನಿಸಿಕೊಂಡವರದ್ದು ಹೇಗೆ ಗೊತ್ತಾಗುತ್ತದೆ? ನನ್ನ ತಂಗಿಯಂಥವರು, ಅಂದರೆ ಸದಾ ಸ್ಮಾಲ್ ಬರೆಯುವವರು, ಮುನಿಸಿಕೊಂಡಾಗ ಕ್ಯಾಪಿಟಲ್ ಶುರು ಮಾಡುತ್ತಾರೆ. ಎಲ್ಲಾ ಕ್ಯಾಪಿಟಲ್ ಅಲ್ಲ, ಮೊದಲ ಅಕ್ಷರ ಮಾತ್ರ:

```
sari
Sari.
```

ಎರಡನೆಯದನ್ನ ಅವಳಿಂದ ಪಡೆದ ದಿನ ನನಗೆ ಊಟ ಸೇರಲಿಲ್ಲ. ಸ್ಕೂಲಿನಲ್ಲಿ ಕಲಿಸಿದ ಪ್ರಕಾರ ಅದೇ ಸರಿಯಾದ ಬರವಣಿಗೆ. ಆದರೆ ಮನೆಬಟ್ಟೆಯಲ್ಲಿ ಓಡಾಡುವವರು ನಮ್ಮೆದುರು ಇದ್ದಕ್ಕಿದ್ದಂತೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದು ನಿಂತರೆ ಏನರ್ಥ? ದೂರ ಆಯ್ತು ಅಂತ ಅರ್ಥ. ಫುಲ್‌ಸ್ಟಾಪಿನ ಬಗ್ಗೆ ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ 126 ವಿದ್ಯಾರ್ಥಿಗಳ ಜೊತೆ ಒಂದು ಅಧ್ಯಯನ ಮಾಡಿದ್ದರು. ಒಂದೇ ಪದದ ಉತ್ತರಕ್ಕೆ ಕೊನೆಯಲ್ಲಿ ಫುಲ್‌ಸ್ಟಾಪ್ ಇದ್ದರೆ ಅದು ಮನಸ್ಸಿಂದ ಬಂದದ್ದಲ್ಲ ಅಂತ ಓದುವವರಿಗೆ ಅನಿಸಿತು. ಕೈಬರಹದ ಚೀಟಿಯಲ್ಲಿ ಅದೇ ಚುಕ್ಕೆ ಇದ್ದಾಗ ಹಾಗೆ ಅನಿಸಲಿಲ್ಲ. ಅಂದರೆ ಮೆಸೇಜಿನಲ್ಲಿ ಆ ಚುಕ್ಕೆಗೆ ಬೇರೆಯೇ ಕೆಲಸ ಬಂದುಬಿಟ್ಟಿದೆ.

ಇದಕ್ಕೆ ಉಲ್ಟಾ ಕೂಡ ಇದೆ. ಸದಾ ಅಚ್ಚುಕಟ್ಟಾಗಿ ಬರೆಯುವ ಒಬ್ಬರು ಒಂದು ರಾತ್ರಿ ಹೀಗೆ ಕಳಿಸುತ್ತಾರೆ:

```
ondu vishya helbeku anta ide
irli bidu
```

ಇದನ್ನ ಓದಿ ಮಲಗಿಬಿಡಬೇಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಭಾರವಾದ ಮಾತನ್ನು ಜನ ಮೆಲ್ಲಗೆ ಹೇಳುತ್ತಾರೆ. ಸ್ಮಾಲ್‌ನಲ್ಲಿ ಬರೆದರೆ "ಸುಮ್ನೆ ಹೇಳಿದೆ ಅಷ್ಟೇ" ಅಂತ ಆಮೇಲೆ ವಾಪಸ್ ತೆಗೆದುಕೊಳ್ಳಬಹುದು ಅನ್ನೋ ಧೈರ್ಯ ಅವರಿಗೆ. ದೊಡ್ಡದಾಗಿ, ಸರಿಯಾಗಿ ಬರೆದರೆ ಅದು ನಿಜವಾಗಿಬಿಡುತ್ತದೆ ಅನ್ನೋ ಭಯ. ನನ್ನ ಒಬ್ಬ ಗೆಳತಿಯಿಂದ ಇಂಥ ಎರಡು ಸಾಲು ಬಂದಾಗ ನಾನು ಬೆಳಿಗ್ಗೆ ಕೇಳೋಣ ಅಂತ ಬಿಟ್ಟೆ. ಬೆಳಿಗ್ಗೆ ಅವಳು ಏನಿಲ್ಲ ಅಂದಳು. ಅದು ಏನು ಅಂತ ನನಗೆ ಗೊತ್ತಾಗಿದ್ದು ಆರು ತಿಂಗಳ ಮೇಲೆ, ಅಷ್ಟೂ ದಿನ ಅವಳು ಒಬ್ಬಳೇ ಅದನ್ನ ಹೊತ್ತಿದ್ದಳು.

ಆದರೆ ಒಂದು ಮಿತಿ ಇದೆ. ನಾವು ಅಂದುಕೊಂಡಷ್ಟು ಚೆನ್ನಾಗಿ ಯಾರೂ ಬರಹದಲ್ಲಿ ಮನಸ್ಸು ಓದಲಾರರು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಮೇಲಿನಲ್ಲಿ ತಾವು ವ್ಯಂಗ್ಯ ಮಾಡಿದ್ದೋ ನಿಜವಾಗಿ ಹೇಳಿದ್ದೋ ಅನ್ನೋದು ಓದುವವರಿಗೆ ನೂರಕ್ಕೆ 78 ಸಲ ಗೊತ್ತಾಗುತ್ತದೆ ಅಂತ ಬರೆದವರು ಅಂದುಕೊಂಡಿದ್ದರು. ನಿಜವಾಗಿ ಗೊತ್ತಾದದ್ದು 56 ಸಲ. ನಾಣ್ಯ ಚಿಮ್ಮಿ ಹೇಳಿದರೂ 50 ಸಲ ಸರಿ ಬರುತ್ತಿತ್ತು. ಹಾಗಾಗಿ ಅಕ್ಷರ ನೋಡಿ ಅನುಮಾನ ಬಂದರೆ ತೀರ್ಮಾನ ಮಾಡಿಕೊಳ್ಳೋದಲ್ಲ, ಕೇಳೋದು.

ಬರೆಯುವಾಗ ನೀವು ಯಾವುದನ್ನ ಆರಿಸಬೇಕು

ಒಂದು ನಿಜವಾದ ಪ್ರಸಂಗ ತೆಗೆದುಕೊಂಡು ನೋಡೋಣ. ಜೊತೆಗೆ ಕೆಲಸ ಮಾಡುವವರೊಬ್ಬರು ನಿನ್ನೆ ಒಂದು ಫೈಲ್ ಕಳಿಸುತ್ತೇನೆ ಅಂದಿದ್ದರು, ಬಂದಿಲ್ಲ. ನಿಮಗೆ ಇವತ್ತು ಸಂಜೆ ಐದಕ್ಕೆ ಅದು ಬೇಕು. ಸಿಟ್ಟೂ ಬಂದಿದೆ. ಮೂರು ತರ ಬರೆಯಬಹುದು:

```
NINNE KALISTINI ANDIDRI. INNU BANDILLA.
ninne kalistini andidri innu bandilla
Ninne file kalistini andidri, innu bandilla. Ivattu 5 GANTE olage beku.
```

ಮೊದಲನೆಯದಕ್ಕೆ ಬರುವ ಉತ್ತರ ನನಗೆ ಗೊತ್ತು: "ಯಾಕೆ ಹೀಗೆ ಕೂಗಾಡ್ತೀರಿ?" ಆಮೇಲೆ ಅರ್ಧ ಗಂಟೆ ಕೂಗಿದ್ದರ ಬಗ್ಗೆಯೇ ಮಾತು, ಫೈಲ್ ಅಲ್ಲೇ ಇರುತ್ತದೆ. ತಪ್ಪು ಅವರದ್ದು ಇದ್ದರೂ ಕ್ಷಮೆ ಕೇಳುವ ಪಾಳಿ ನಿಮ್ಮದಾಗುತ್ತದೆ. ಎರಡನೆಯದನ್ನ ಓದಿದವರಿಗೆ ಅವಸರ ಇಲ್ಲ ಅನಿಸುತ್ತದೆ, ನಿಧಾನಕ್ಕೆ ಕಳಿಸುತ್ತಾರೆ, ನಿಮ್ಮ ಸಿಟ್ಟು ಇನ್ನೂ ಜಾಸ್ತಿ ಆಗುತ್ತದೆ. ಮೂರನೆಯದರಲ್ಲಿ ಜೋರು ಇರೋದು ಒಂದೇ ಕಡೆ, ಯಾವಾಗ ಬೇಕು ಅನ್ನೋ ಕಡೆ. ಸಿಟ್ಟು ಬಂದಿದ್ದರೆ ಅದನ್ನ ಮಾತಿನಲ್ಲೇ ಹೇಳಿ, "ನನಗೆ ಇದರಿಂದ ತೊಂದರೆ ಆಯ್ತು" ಅಂತ ಬರೆಯಿರಿ. ಅಕ್ಷರದ ಮೇಲೆ ಆ ಕೆಲಸ ಹೊರಿಸಿದರೆ ಅದು ತಲುಪುವುದು ಬೇರೆಯಾಗಿಯೇ.

ಆಫೀಸಿನ ವಿಷಯದಲ್ಲಿ ಇದು ಎಲ್ಲಿಯವರೆಗೆ ಹೋಗಬಹುದು ಅನ್ನೋದಕ್ಕೆ ನ್ಯೂಜಿಲೆಂಡಿನ ಒಂದು ಪ್ರಕರಣ ಇದೆ. ಅಲ್ಲಿ ಲೆಕ್ಕಪತ್ರ ವಿಭಾಗದ ಒಬ್ಬ ಮಹಿಳೆಯನ್ನ 2007ರಲ್ಲಿ ಕೆಲಸದಿಂದ ತೆಗೆದರು. ಕ್ಯಾಪಿಟಲ್, ದಪ್ಪಕ್ಷರ, ಕೆಂಪು ಬಣ್ಣ ಹಾಕಿದ ಅವರ ಇಮೇಲುಗಳಿಂದ ಆಫೀಸಿನಲ್ಲಿ ಮನಸ್ತಾಪ ಆಗುತ್ತಿದೆ ಅನ್ನೋದು ದೂರು. ಸಾಕ್ಷಿಯಾಗಿ ಬಂದ ಇಮೇಲಿನಲ್ಲಿ ಬೈಗುಳ ಏನೂ ಇರಲಿಲ್ಲ, ಅರ್ಜಿ ಹೇಗೆ ತುಂಬಬೇಕು ಅನ್ನೋ ಸೂಚನೆ ಇತ್ತು. 2009ರಲ್ಲಿ ಅಲ್ಲಿನ ಉದ್ಯೋಗ ಪ್ರಾಧಿಕಾರ ಕೆಲಸದಿಂದ ತೆಗೆದದ್ದು ತಪ್ಪು ಅಂತ ಹೇಳಿ 17,000 ಡಾಲರ್ ಪರಿಹಾರ ಕೊಡಿಸಿತು. ಇಮೇಲ್ ಹೇಗೆ ಬರೆಯಬೇಕು ಅಂತ ಆ ಕಂಪನಿಯಲ್ಲಿ ನಿಯಮವೇ ಇರಲಿಲ್ಲ. ನನಗೆ ಇಬ್ಬರ ಕಷ್ಟವೂ ಅರ್ಥವಾಗುತ್ತದೆ. ಆಕೆ ಜನ ಗಮನ ಕೊಡಲಿ ಅಂತ ಹಾಕಿರಬೇಕು, ಓದಿದವರು ಪ್ರತಿ ದಿನ ಯಾರೋ ತಮ್ಮನ್ನ ಗದರುತ್ತಿದ್ದಾರೆ ಅಂದುಕೊಂಡರು. ಯಾರಾದರೂ ಒಬ್ಬರು ಮೊದಲೇ ಹತ್ತಿರ ಕೂತು "ಇದು ನಮಗೆ ಹೀಗೆ ಕೇಳಿಸುತ್ತೆ" ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ.

ಸೂಚನೆಗೆ ಎಲ್ಲಾ ಕ್ಯಾಪಿಟಲ್ ಬೇಡ ಅನ್ನೋಕೆ ಇನ್ನೊಂದು ಕಾರಣ ಓದುವ ವೇಗ. ಉದ್ದದ ಬರಹ ಪೂರ್ತಿ ಕ್ಯಾಪಿಟಲ್ ಇದ್ದರೆ ಕಣ್ಣು ನಿಧಾನವಾಗುತ್ತದೆ, ಸಾಲೂ ಜಾಸ್ತಿ ಜಾಗ ತಿನ್ನುತ್ತದೆ. ಎರಡು ಪದಕ್ಕೆ ಪರವಾಗಿಲ್ಲ, ಎರಡು ಪ್ಯಾರಾಕ್ಕೆ ಬೇಡ.

ಖುಷಿ ವಿಷಯಕ್ಕೆ ನಾನು ಕ್ಯಾಪಿಟಲ್ ಪರ. ಯಾರಾದರೂ ಪಾಸಾದರೆ, ಮಗು ಹುಟ್ಟಿದರೆ `congrats` ಅಂತ ಸ್ಮಾಲ್‌ನಲ್ಲಿ ಕಳಿಸಿದರೆ ಬಾಗಿಲ ಸಂದಿಯಿಂದ ಹೇಳಿದ ಹಾಗಿರುತ್ತದೆ. ಕೂಗಿ ಹೇಳಿ. ಒಂದೇ ಒಂದು ಷರತ್ತು, ಸುದ್ದಿಯೂ ಅದೇ ಮೆಸೇಜಿನಲ್ಲಿ ಇರಲಿ. `AKKA` ಅಂತ ಒಂದು, `PHONE ETTU` ಅಂತ ಇನ್ನೊಂದು ಕಳಿಸಬೇಡಿ. ಆ ಕಡೆ ಇರುವವರ ಪರದೆ ಮೇಲೆ ಮೊದಲ ಸಾಲು ಮಾತ್ರ ಕಾಣುತ್ತಿರುತ್ತದೆ, ಉಳಿದದ್ದನ್ನ ಅವರ ಭಯ ತುಂಬಿಕೊಳ್ಳುತ್ತದೆ.

ಕ್ಷಮೆ ಕೇಳುವಾಗ, ಸಾವಿನ ಮನೆಗೆ ಬರೆಯುವಾಗ ಎರಡೂ ಬೇಡ. ಎಲ್ಲಾ ಕ್ಯಾಪಿಟಲ್ ಅಲ್ಲಿ ಕಿವಿಗೆ ಬಡಿಯುತ್ತದೆ. ಎಲ್ಲಾ ಸ್ಮಾಲ್‌ನ `sorry` ನಡೆಯುತ್ತಾ ಹೋಗುತ್ತಾ ಹೇಳಿದ ಹಾಗಿರುತ್ತದೆ, ತೀರಾ ಹತ್ತಿರದವರ ನಡುವೆ ಬಿಟ್ಟರೆ. ಇಂಥ ಕಡೆ ಪೂರ್ತಿ ವಾಕ್ಯ ಬರೆಯಿರಿ, ಮೊದಲ ಅಕ್ಷರ ಕ್ಯಾಪಿಟಲ್, ಉಳಿದದ್ದು ಸ್ಮಾಲ್. ಅದನ್ನ ಬರೆಯೋಕೆ ನೀವು ಕೂತಿದ್ದಿರಿ ಅನ್ನೋದು ಅವರಿಗೆ ಕಾಣುತ್ತದೆ. ಸಾಧ್ಯವಾದರೆ ಕನ್ನಡ ಲಿಪಿಯಲ್ಲೇ ಬರೆಯಿರಿ. ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ಲೂ ಇಲ್ಲ, ಸ್ಮಾಲೂ ಇಲ್ಲ, ದನಿ ಏರಿತೋ ಇಳಿಯಿತೋ ಅನ್ನೋ ಗೊಂದಲಕ್ಕೆ ಅಷ್ಟರಮಟ್ಟಿಗೆ ಜಾಗ ಕಡಿಮೆ.

ಹಿರಿಯರಿಗೆ ಬರೆಯುವಾಗ ನಾನು ಎಲ್ಲಾ ಸ್ಮಾಲ್ ಬಳಸುವುದಿಲ್ಲ. ಅವರಿಗೆ ಅದು ಸಲಿಗೆ ಅಂತ ಕಾಣೋದಿಲ್ಲ, ಅಸಡ್ಡೆ ಅಂತ ಕಾಣುತ್ತದೆ. ಮಾವನಿಗೆ ಮಾತ್ರ ಈಗ ಕ್ಯಾಪಿಟಲ್‌ನಲ್ಲೇ ಉತ್ತರ ಬರೆಯುತ್ತೇನೆ, ಅವರ ಕಣ್ಣಿಗೆ ಅದೇ ಹಿತ. ಮೊನ್ನೆ ತಂಗಿ ನಮ್ಮಿಬ್ಬರ ಚಾಟ್ ನೋಡಿ "ಏನಕ್ಕ, ಇಬ್ಬರೂ ಜಗಳ ಆಡ್ತಿದ್ದೀರಾ?" ಅಂತ ಕೇಳಿದಳು. ಮಾವ ಔಷಧಿ ತಗೊಂಡ್ರಾ ಅಂತ ನಾನು ಕೇಳಿದ್ದೆ, ತಗೊಂಡೆ ಅಂತ ಅವರು ಹೇಳಿದ್ದರು.